ಹನುಮನಹಳ್ಳಿ ಅಡ್ಮಿನ್ನರ ಕೈಪಿಡಿ

ಊರ ಹೆಸರಲ್ಲಿ ಫೇಸ್‌ಬುಕ್ ಗುಂಪು ಕಟ್ಟಿದ್ದೀರಿ. ಇನ್ನು ಮೇಲೆ ಚಹಾದಂಗಡಿಯಲ್ಲಿ ನಿಮ್ಮನ್ನು ಮಾತಾಡಿಸುವವರು ಹೆಚ್ಚುತ್ತಾರೆ, ಬಹುಪಾಲು ಜಗಳಕ್ಕೆ.

ಮೊದಲು ಬಾಗಿಲು ನೋಡಿಕೊಳ್ಳಿ. ಸೇರಬಯಸುವವರಿಗೆ ಮೂರು ಪ್ರಶ್ನೆ ಕೇಳಬಹುದು. ಅಂಜನಾದ್ರಿಗೆ ಎಷ್ಟು ಮೆಟ್ಟಿಲು ಅಂತ ಮಾತ್ರ ಕೇಳಬೇಡಿ. ಪ್ಲಾಟ್ ಮಾರುವವನು ಗೂಗಲ್ ನೋಡಿ 575 ಎಂದು ಬರೆದುಬಿಡುತ್ತಾನೆ. ದಿನಾ ಹತ್ತಿಳಿಯುವ ಊರ ಹುಡುಗ ಎಣಿಸಿರುವುದಿಲ್ಲ. ‘ಯಾವ ಹನುಮನಹಳ್ಳಿಯವರು?’ ಎನ್ನಿ. ಈ ಹೆಸರಿನ ಊರು ರಾಜ್ಯದಲ್ಲಿ ಒಂದೇ ಅಲ್ಲ. ನಮ್ಮದು ಆನೆಗೊಂದಿ ಕಡೆಯದು. ಆಮೇಲೆ ‘ಊರಾಗ ನಿಮ್ಮನ್ನ ಬಲ್ಲವರು ಯಾರು?’ ಎನ್ನಿ. ಉತ್ತರ ನಡೆಸುವವರಿಗಷ್ಟೇ ಕಾಣುವುದರಿಂದ ಹೆಸರು ಬರೆಯಲು ಯಾರೂ ಅಳುಕುವುದಿಲ್ಲ. ಖಾಲಿ ಬಿಟ್ಟು ಕಳಿಸಿದವರನ್ನೆಲ್ಲ ಕಳ್ಳರೆನ್ನಬೇಡಿ. ಎಷ್ಟೋ ಹಿರಿಯರಿಗೆ ಆ ಪ್ರಶ್ನೆ ಕಂಡೇ ಇರುವುದಿಲ್ಲ.

ಎರಡನೆಯದು ಪೋಸ್ಟಿಗೆ ಒಪ್ಪಿಗೆ. ಇದನ್ನು ಚಾಲೂ ಮಾಡಿದರೆ ನೀವು ಒತ್ತುವವರೆಗೂ ಪೋಸ್ಟ್ ಕಾಯುತ್ತದೆ. ಆದರೆ ನೀವು ಮಲಗುತ್ತೀರಿ, ಹೊಳೆ ಮಲಗುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಚೈನ್ ಹರಿದು ಕೊಚ್ಚಿಹೋಯಿತು. ಅಂಥ ರಾತ್ರಿ ನಿಮ್ಮ ಸಾಲಿನಲ್ಲಿ ಎರಡು ಪೋಸ್ಟ್ ಕಾಯುತ್ತಿವೆ ಎಂದುಕೊಳ್ಳಿ. ಒಂದು, ‘ಡ್ಯಾಂ ಒಡದೈತಿ, ಊರು ಬಿಡ್ರಿ!’ ಇನ್ನೊಂದು, ‘ಒಂದು ಗೇಟು ಹೋಗೈತಿ, ಹೊಳಿ ಕಡೆ ಹೋಗಬ್ಯಾಡ್ರಿ.’ ಇರುವ 33 ಗೇಟುಗಳಲ್ಲಿ ಹೋದದ್ದು ಒಂದು. ಮೊದಲನೆಯದು ಸುಳ್ಳು, ಎರಡನೆಯದು ತುರ್ತು. ನೀವು ಗೊರಕೆ ಹೊಡೆದರೆ ಎರಡೂ ಒಂದೇ ಸಾಲಿನಲ್ಲಿ ಬೆಳಗಿನವರೆಗೆ ಕೂರುತ್ತವೆ. ಆದ್ದರಿಂದ ಮಳೆಗಾಲಕ್ಕೆ ಮುಂಚೆ ನಿದ್ದೆಗೆಟ್ಟವರೊಬ್ಬರನ್ನು ಮಾಡರೇಟರ್ ಮಾಡಿ. ಗಂಗಾವತಿಯಲ್ಲಿ ರಾತ್ರಿಪಾಳಿಯವರು ಸಿಕ್ಕರೆ ಇನ್ನೂ ಒಳ್ಳೆಯದು. ಅವರು ಪೋಸ್ಟ್ ಬಿಡಬಹುದು, ತಡೆಯಬಹುದು. ಗುಂಪಿನ ಸೆಟ್ಟಿಂಗ್ ಬದಲಿಸಲಾರರು, ನಿಮ್ಮನ್ನು ತೆಗೆಯಲಾರರು. ತಡೆದಾಗ ಕಾರಣ ಬರೆದು ಕಳಿಸಿ. ಇಲ್ಲವಾದರೆ ಕಾರಣ ಕೇಳಲು ಪೋಸ್ಟ್ ಹಾಕಿದವರು ಮನೆಗೇ ಬರುತ್ತಾರೆ.

ಇನ್ನು ತೆಗೆದುಹಾಕುವುದು. ಮೂರು ಸಲ ಎಚ್ಚರಿಸಿದರೂ ನಿಮ್ಮ ಸೋದರಮಾವ ಸೈಟಿನ ಜಾಹೀರಾತು ಹಾಕುವುದು ಬಿಡಲಿಲ್ಲ. ಮೊದಲು ಅವರ ಪೋಸ್ಟಿಗೆ ಮಾತ್ರ ಒಪ್ಪಿಗೆ ಕಡ್ಡಾಯ ಮಾಡಿ, ಎಲ್ಲರಿಗೂ ಬೇಡ. ಅದಕ್ಕೂ ಬಗ್ಗದಿದ್ದರೆ ಕೆಲವು ದಿನ ಬಾಯಿ ಕಟ್ಟಿ. ಕೊನೆಗೆ ರಿಮೂವ್. ನಿಷೇಧಿಸಿದರೆ ಅವರಿಗೆ ಗುಂಪೇ ಕಾಣದು. ಬರೀ ತೆಗೆದರೆ ಮತ್ತೆ ಕೋರಿಕೆ ಕಳಿಸಬಹುದು. ಹೊರಗಿನವನಾದರೆ ನಿಷೇಧಿಸಿ. ಮಾವನನ್ನು ಬರೀ ತೆಗೆಯಿರಿ, ಮದುವೆಗಳಲ್ಲಿ ಎದುರಾಗಬೇಕಲ್ಲ. ತೆಗೆದದ್ದನ್ನು ಫೇಸ್‌ಬುಕ್ ಅವರಿಗೆ ಹೇಳುವುದಿಲ್ಲ, ಆ ಕೆಲಸ ಚಹಾದಂಗಡಿಯದು.

ವಾರ ಕಳೆದ ಮೇಲೆ ಹೊಸ ಕೋರಿಕೆ ಬರುತ್ತದೆ. ಊರು ಸರಿಯಾಗಿ ಬರೆದಿರುತ್ತಾರೆ. ‘ಬಲ್ಲವರು ಯಾರು?’ ಎಂಬಲ್ಲಿ ನಿಮ್ಮ ಅವ್ವನ ಹೆಸರಿರುತ್ತದೆ.