ಟಕ್ ಎನ್ನುವ ಡಬ್ಬಿ

ಗುಡ್ಡಾಪುರದಲ್ಲಿ ದಾನಮ್ಮನ ದರ್ಶನಕ್ಕೆ ಅಮಾವಾಸ್ಯೆ ಗೊತ್ತು; ವೋಲ್ಟೇಜಿನ ದರ್ಶನಕ್ಕೆ ಮಾತ್ರ ತಿಥಿ ಇಲ್ಲ. ತೋಟದ ಬೋರ್‌ವೆಲ್ ಮೋಟರುಗಳು ಒಟ್ಟಿಗೆ ಎದ್ದರೆ ಲೈನಿನ ಕೊನೆಯ ಮನೆಗಳಲ್ಲಿ ಫ್ಯಾನಿನ ರೆಕ್ಕೆ ಎಣಿಸಬಹುದು. ಅವು ಮಲಗಿದ ಮೇಲೆ ಬಲ್ಬಿಗೆ ಮದುವೆಮನೆಯ ಕಳೆ. ಈ ನಡುವೆ ಮನೆಗೆ ಹೊಸ ಫ್ರಿಜ್ ಬಂತು. ಟಿ.ವಿ. ಬೆನ್ನ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದುಕೊಂಡು ನಿಶ್ಚಿಂತೆಯಿಂದಿದೆ. ಕಂಪ್ರೆಸರಿಗೆ ಆ ಭಾಗ್ಯ ಇರಲಿಲ್ಲ. ಸ್ಟೆಬಿಲೈಸರ್ ಬೇಕಾಯಿತು.

"ಎತ್ತಿ ನೋಡಿ ತಗೋ ತಮ್ಮಾ, ಭಾರ ಇದ್ದದ್ದು ಛಲೋ ಇರ್ತದ," ಎಂದರು ಕಾಕಾ, ಕಲ್ಲಂಗಡಿ ಆರಿಸುವವರ ಗತ್ತಿನಲ್ಲಿ.

ನಾನು ಅಂಗಡಿಗೆ ಹೋಗುವ ಮೊದಲು ಮಲ್ಟಿಮೀಟರ್ ಹಿಡಿದು ಫ್ರಿಜ್ಜಿನ ಪಕ್ಕದ ಪ್ಲಗ್ಗಿಗೆ ಕಾವಲು ಕೂತೆ. ಮೋಟರುಗಳು ಓಡುವ ಹೊತ್ತಿನಲ್ಲಿ 148 ವೋಲ್ಟ್. ನಮ್ಮ ಫ್ರಿಜ್ ಶುರುವಾದ ಕ್ಷಣ ಮುಳ್ಳು 140ಕ್ಕೆ ಕುಸಿದು ಮೇಲೆದ್ದಿತು. ನಡುರಾತ್ರಿ 256. ಎಂದರೆ ನಮಗೆ ಬೇಕಾದದ್ದು 140ಕ್ಕಿಂತ ಕೆಳಗೂ 256ಕ್ಕಿಂತ ಮೇಲೂ ಸ್ವಲ್ಪ ಜಾಗ ಉಳಿಸುವ ಡಬ್ಬಿ.

ಅಂಗಡಿಯವರು 90ರಿಂದ 300ರದ್ದನ್ನು ಮುಂದಿಟ್ಟರು: "ಇದ ತಗೋರಿ, ಎಲ್ಲಾನೂ ತಡಕೋತದ." ಬೆಲೆಯೂ ಹಾಗೇ ಇತ್ತು. ನನ್ನ ಲೆಕ್ಕಕ್ಕೆ 130ರಿಂದ 290ರದ್ದೇ ಸಾಕಾಗಿತ್ತು. ಗೆರೆ ದಾಟಿದರೆ ಅದು ಫ್ರಿಜ್ಜಿಗೆ ಕರೆಂಟನ್ನೇ ಕೊಡದೆ ಕಟ್ ಆಗುತ್ತದೆ, ಮಾಡಬೇಕಾದದ್ದೂ ಅದನ್ನೇ. ಒಳಗಿನ ರಿಲೇ ಟಕ್ ಎಂದು ಟ್ಯಾಪ್ ಬದಲಿಸುತ್ತದೆ. ಹೊರಗೆ ಬರುವುದು ಗೆರೆ ಎಳೆದಂತೆ 230 ಅಲ್ಲ, ಅದರ ಆಸುಪಾಸು.

ಇನ್ನು ಶಕ್ತಿ. ನಮ್ಮ ಫ್ರಿಜ್ ಓಡುವಾಗ ತಿನ್ನುವುದು ಸುಮಾರು ಒಂದು ಆಂಪಿಯರ್, 230 ವಿ.ಎ. ಆದರೆ ಶುರುವಾಗುವ ಕ್ಷಣ ಅದರ ಹಲವು ಪಟ್ಟು ಬಾಯಿ ತೆರೆಯುತ್ತದೆ. ಆದ್ದರಿಂದ 230 ವಿ.ಎ. ಡಬ್ಬಿ ಸಾಲದು, ಫ್ರಿಜ್ಜಿಗೆಂದೇ ಮಾಡಿದ, ನಮ್ಮ ಫ್ರಿಜ್ಜಿನ ಲೀಟರು ಅದರ ಮೇಲೆ ಬರೆದ ಮಿತಿಯೊಳಗೆ ಬರುವ ಡಬ್ಬಿ ಬೇಕು. ಮಿಕ್ಸರನ್ನೂ ಅದಕ್ಕೇ ಸಿಕ್ಕಿಸುವ ಆಸೆಯನ್ನು ಮನೆಯವರು ಅಲ್ಲಿಯೇ ಬಿಡಬೇಕಾಯಿತು.

ಕೊನೆಯದು, ಮೂರು ನಿಮಿಷದ ಟೈಮ್ ಡಿಲೇ. ಕರೆಂಟ್ ಹೋಗಿ ತಕ್ಷಣ ಬಂದರೆ ಕಂಪ್ರೆಸರಿನೊಳಗೆ ಗ್ಯಾಸಿನ ಒತ್ತಡ ಇನ್ನೂ ಇಳಿದಿರುವುದಿಲ್ಲ. ಮೋಟರು ತಿರುಗಲಾರದೆ ಗುಂಯ್‌ಗುಟ್ಟುತ್ತ ಕಾಯುತ್ತದೆ, ಹಾಗೆಯೇ ಬಿಟ್ಟರೆ ಸುಡುವುದೂ ಉಂಟು. ಒತ್ತಡ ಸಮವಾಗಲೆಂದೇ ಡಬ್ಬಿ ಕಾಯುತ್ತದೆ.

ಡಬ್ಬಿ ತಂದು ಕೂರಿಸಿ ಇದನ್ನು ಕಾಕಾಗೆ ಹೇಳುವುದರೊಳಗೆ ಕರೆಂಟ್ ಹೋಗಿ ಬಂತು. ಅರ್ಧ ನಿಮಿಷ ಕಾದರು. "ಕೆಟ್ಟತಿ ನೋಡು!" ಎಂದು ಸ್ವಿಚ್ ಆರಿಸಿ ಹಾಕಿದರು, ಡಬ್ಬಿ ಲೆಕ್ಕವನ್ನು ಸೊನ್ನೆಯಿಂದ ಶುರು ಮಾಡಿತು. ಮತ್ತೆ ಆರಿಸಿದರು, ಮತ್ತೆ ಹಾಕಿದರು. ಅವರು ಚಹಾಕ್ಕೆಂದು ಎದ್ದು ಹೋಗುವವರೆಗೂ ಫ್ರಿಜ್ ಶುರುವಾಗಲಿಲ್ಲ.