ಶೆಟ್ಟರ ಬೋರ್ಡಿಗೆ ವೇಸ್ಟೇಜ್ ಇಲ್ಲ

ಚಿನ್ನ ತೂಗುವಾಗ ನಮ್ಮೂರ ಶೆಟ್ಟರು ಮೊದಲು ಫ್ಯಾನ್ ಆರಿಸುತ್ತಾರೆ. ಗಾಳಿಗೆ ತಕ್ಕಡಿ ಅಲುಗಿ ಒಂದು ಮಿಲಿಗ್ರಾಂ ಆಚೀಚೆ ಆಗಬಾರದು. ಗಿರಾಕಿ ಬೆವರಿದರೆ ಪರವಾಗಿಲ್ಲ, ಬೆವರಿಗೆ ರೇಟಿಲ್ಲ. ಬಿಲ್ಲಿನಲ್ಲಿ ಮಜೂರಿಯ ಕೆಳಗೆ ವೇಸ್ಟೇಜ್ ಎಂದು ಒಂದಿಷ್ಟು ಸೇರಿಸಿ, ಯಾಕೆ ಎಂದು ಕೇಳಿದವರಿಗೆ ತಂಪಾದ ಬಾದಾಮಿ ಹಾಲು ತರಿಸುತ್ತಾರೆ.

ಇಂಥ ಶೆಟ್ಟರಿಗೆ ತಮ್ಮ ದುಡ್ಡಿನಲ್ಲಿ ವೇಸ್ಟೇಜ್ ಆಗುವುದೆಂದರೆ ಜ್ವರ ಬಂದಂತೆ. ದೀಪಾವಳಿಗೆ ಬಸ್ ಸ್ಟ್ಯಾಂಡ್ ತಿರುವಿನಲ್ಲಿ ಹಾಕಿಸುವ ಹೋರ್ಡಿಂಗ್ 20 ಅಡಿ ಅಗಲ, 10 ಅಡಿ ಎತ್ತರ. ಪ್ರಿಂಟಿಂಗಿನವರು ಲೆಕ್ಕ ಹಾಕುವುದು ಚದರಡಿಗೆ. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧಿಸಿದ ಮೇಲೆ ಶೆಟ್ಟರು ಬಟ್ಟೆಯ ಮೇಲೆ ಮಾಡಿಸುತ್ತಾರೆ, ಅದಕ್ಕೆ ಖರ್ಚು ಇನ್ನೂ ಜಾಸ್ತಿ. ಹೀಗಾಗಿ ಡಿಸೈನ್ ಮಾಡುವ ಹುಡುಗ ಎಲ್ಲಾದರೂ ಒಂದು ಮೂಲೆ ಖಾಲಿ ಬಿಟ್ಟರೆ ಮುಗಿಯಿತು.

"ಇನ್ನೂರು ಚದರಡಿಗೂ ದುಡ್ಡು ಕೊಡ್ತೀನಿ ಕಣಪ್ಪಾ. ಇಲ್ಲಿ ನಾಲ್ಕಡಿ ಬರೀ ಕೆಂಪು ಬಿಟ್ಟಿದೀಯಲ್ಲ, ಇದು ಯಾರ ಲೆಕ್ಕಕ್ಕೆ?"

ಹೋದ ಸಲದ ಬೋರ್ಡು ಈ ಸಿದ್ಧಾಂತದ ಫಲ. ನಡುವೆ ಲಕ್ಷ್ಮಿ, ಎಡಕ್ಕೆ ಶೆಟ್ಟರ ತಂದೆ, ಬಲಕ್ಕೆ ಶೆಟ್ಟರು ಮತ್ತು ಇಬ್ಬರು ಗಂಡುಮಕ್ಕಳು ಕೈಮುಗಿದುಕೊಂಡು, ಕೆಳಗೆ ಪಟಾಕಿ ಹಿಡಿದ ಮೊಮ್ಮಗ. ಉಳಿದ ಸಂದಿಯಲ್ಲಿ ಸಮಸ್ತ ನಾಗರಿಕ ಬಂಧುಗಳಿಗೆ ಶುಭಾಶಯ, 916 ಹಾಲ್‌ಮಾರ್ಕ್, ಹಳೇ ಚಿನ್ನ ಕೊಳ್ಳಲಾಗುವುದು, ಮೂರು ಫೋನ್ ನಂಬರ್, ಭಾನುವಾರ ಮಧ್ಯಾಹ್ನದವರೆಗೆ ತೆರೆದಿರುತ್ತದೆ. ಇಷ್ಟಕ್ಕೂ ಬಂಗಾರದ ಬಣ್ಣದ ಅಕ್ಷರ, ಅದಕ್ಕೆ ಕಪ್ಪು ನೆರಳು. ಕಂಪ್ಯೂಟರಿನಲ್ಲಿ ಫಳಫಳ ಎನ್ನುತ್ತಿದ್ದ ಬಂಗಾರ ಬಟ್ಟೆಗಿಳಿದ ಮೇಲೆ ಸಾಸಿವೆ ಬಣ್ಣಕ್ಕೆ ತಿರುಗಿ, ನೆರಳಿನ ಜೊತೆ ಕಲಸಿಹೋಯಿತು. ಬಸ್ಸಿನಲ್ಲಿ ಹೋದವರು ಅದನ್ನು ಶ್ರದ್ಧಾಂಜಲಿ ಎಂದುಕೊಂಡು, ಹಿರಿಯರು ಯಾವಾಗ ಹೋದರು ಎಂದು ಅಂಗಡಿಯಲ್ಲಿ ವಿಚಾರಿಸಿದರು. ಹಿರಿಯರು ಒಳಗೆ ಕೂತು ಪೇಪರ್ ಓದುತ್ತಿದ್ದರು.

ಆದ್ದರಿಂದ ಈ ಸಲ ಹುಡುಗ ಶೆಟ್ಟರಿಗೆ ಅವರದೇ ಭಾಷೆಯಲ್ಲಿ, ಅಂದರೆ ಅಳತೆಯಲ್ಲಿ, ಹೇಳಲು ಹೊರಟ. ಬಸ್ಸು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿದ್ದರೆ ಸೆಕೆಂಡಿಗೆ ಸುಮಾರು 45 ಅಡಿ ಹೋಗುತ್ತದೆ. ಬೋರ್ಡು ಇನ್ನೂರು ಅಡಿ ದೂರದಿಂದ ಕಂಡರೆ ಓದಲು ಸಿಗುವುದು ನಾಲ್ಕು ಸೆಕೆಂಡಿನಷ್ಟು. ಹತ್ತು ಅಡಿ ದೂರಕ್ಕೆ ಒಂದು ಇಂಚಿನ ಅಕ್ಷರ ಎಂಬುದು ಬೋರ್ಡ್ ಬರೆಯುವವರ ಲೆಕ್ಕ. ಇನ್ನೂರು ಅಡಿಗೆ 20 ಇಂಚು. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು ಬೇರೆ ಇರುವುದರಿಂದ ಸಾಲುಗಳ ನಡುವೆ ಧಾರಾಳ ಜಾಗ ಬಿಡಬೇಕು. ಹಾಗಾಗಿ ಹತ್ತಡಿ ಎತ್ತರದಲ್ಲಿ ಕೂರುವುದು ಮೂರೇ ಸಾಲು.

ಶೆಟ್ಟರು ನಂಬಲಿಲ್ಲ. ಹುಡುಗ ಹಳೇ ಬೋರ್ಡನ್ನು ಎರಡೂವರೆ ಇಂಚು ಅಗಲಕ್ಕೆ ಪ್ರಿಂಟ್ ತೆಗೆದು ಕೈಗೆ ಕೊಟ್ಟ. "ಕೈ ಚಾಚಿ ಹಿಡ್ಕೊಂಡು ನೋಡಿ ಶೆಟ್ರೇ. ಇನ್ನೂರು ಅಡಿಯಿಂದ ಜನಕ್ಕೆ ಕಾಣೋದು ಇಷ್ಟೇ." ಶೆಟ್ಟರು ಅಭ್ಯಾಸಬಲದಿಂದ ಫ್ಯಾನ್ ಆರಿಸಿ, ಒಡವೆ ಪರೀಕ್ಷಿಸುವ ಭೂತಗನ್ನಡಿ ತೆಗೆದರು.

"ಬಸ್ಸಿನವರ ಹತ್ರ ಅದು ಇರಲ್ಲ ಶೆಟ್ರೇ."

ಆಮೇಲೆ ಚೌಕಾಸಿ ಶುರು. ಫೋನ್ ನಂಬರುಗಳು ಹೋದವು, ಓಡುವ ಬಸ್ಸಿನಿಂದ ಯಾರೂ ಬರೆದುಕೊಳ್ಳುವುದಿಲ್ಲ. ಹಾಲ್‌ಮಾರ್ಕ್, ಹಳೇ ಚಿನ್ನ, ಭಾನುವಾರ ಎಲ್ಲ ಅಂಗಡಿ ಬಾಗಿಲಿನ ಬೋರ್ಡಿಗೆ ವರ್ಗವಾದವು. ಅಲ್ಲಿ ಜನ ನಿಂತು ಓದುತ್ತಾರೆ. ಜಗಳ ಹತ್ತಿದ್ದು 'ಹಾರ್ದಿಕ'ದ ಮೇಲೆ. 'ದೀಪಾವಳಿಯ ಹಾರ್ದಿಕ ಶುಭಾಶಯಗಳು' ಎಂದರೆ ಹದಿನಾಲ್ಕು ಅಕ್ಷರ. 20 ಅಡಿ ಅಗಲಕ್ಕೆ ಹಂಚಿದರೆ ತಲಾ 17 ಇಂಚು, ದೀರ್ಘ ಬಂದಲ್ಲಿ ಒಂದರ ಮೇಲೊಂದು ಏರುತ್ತವೆ. 'ದೀಪಾವಳಿ ಶುಭಾಶಯ' ಎಂದರೆ ಎಂಟೇ, ಆರಾಮವಾಗಿ ಕೂರುತ್ತವೆ.

"ಹಾರ್ದಿಕ ತೆಗೆದ್ರೆ ಶೆಟ್ಟಿ ಬಾಯಿಮಾತಿಗೆ ಹೇಳಿದ ಅಂತಾರೆ ಕಣೋ."

"ನೀವು ವೇಸ್ಟೇಜ್ ಒಂದು ಪರ್ಸೆಂಟ್ ಕಮ್ಮಿ ಮಾಡಿ ಶೆಟ್ರೇ. ಹೃದಯ ತಾನೇ ಕಾಣುತ್ತೆ."

ಶೆಟ್ಟರು ತಕ್ಷಣ ಹಾರ್ದಿಕ ಬಿಟ್ಟುಕೊಟ್ಟರು.

ಕೊನೆಗೆ ಉಳಿದದ್ದು ಕಡುಗೆಂಪು ಹಿನ್ನೆಲೆಯಲ್ಲಿ ಅಚ್ಚ ಹಳದಿಯ ಮೂರು ಸಾಲು, ನೆರಳಿಲ್ಲ: ಶುಭಾಶಯ, ಅಂಗಡಿ ಹೆಸರು, 'ತೇರುಬೀದಿ'. ಪಕ್ಕದಲ್ಲಿ ಒಂದೇ ಒಂದು ದೀಪ. ಬೋರ್ಡು ಏರಿದ ದಿನ ಶೆಟ್ಟರು ಸ್ವತಃ ಬಸ್ ಹತ್ತಿ ನೋಡಿಬಂದರು, ಓದಿದೆ ಎಂದು ಒಪ್ಪಿಕೊಂಡರು. ಬಿಲ್ ಕೊಡುವಾಗ ಮಾತ್ರ ಅಕ್ಷರ ಇಲ್ಲದ ಜಾಗವನ್ನು ಅಳೆದು ಅಷ್ಟಕ್ಕೆ ದುಡ್ಡು ಹಿಡಿದುಕೊಂಡರು. ಕೇಳಲು ಹೋದ ಹುಡುಗನಿಗೆ ಬಾದಾಮಿ ಹಾಲು ತರಿಸಿದರು.

ಹಬ್ಬಕ್ಕೆ ನಮ್ಮೂರ ಮೇಲೆ ಹಾದುಹೋದರೆ ಎಡಗಡೆ ಕಿಟಕಿಯಲ್ಲಿ ಕೂತುಕೊಳ್ಳಿ. ದೀಪದ ಬುಡದಲ್ಲಿ ಹುಳದಂತೆ ಒಂದು ಚುಕ್ಕೆ ಕಂಡರೆ ಅದು ಪ್ರಿಂಟಿಂಗ್ ದೋಷವಲ್ಲ, ಕಡೇ ಗಳಿಗೆಯಲ್ಲಿ ಫೋನ್ ಮಾಡಿ ಸೇರಿಸಿದ ಮೊಮ್ಮಗ.