‘ಬಾಕಿ’ ಎಂಬ ಸ್ಥಿತಿಯ ಅಧ್ಯಯನ

ಮೈಸೂರು ನಗರದ ನಿವಾಸಿಯ ಪಾಲಿಗೆ ಭೂದಾಖಲೆಯೆಂಬುದು ಎರಡು ಬೇರೆ ಬೇರೆ ರಾಜ್ಯಗಳಲ್ಲಿ ಹಂಚಿಹೋಗಿದೆ: ಬಡಾವಣೆಯ ನಿವೇಶನದ ಖಾತೆ ಪಾಲಿಕೆಯ ಅಥವಾ ಅಭಿವೃದ್ಧಿ ಪ್ರಾಧಿಕಾರದ ವಹಿಯಲ್ಲಿದ್ದರೆ, ವರುಣಾ, ಜಯಪುರ, ಇಲವಾಲ ಹೋಬಳಿಗಳ ಹೊಲಗದ್ದೆಗಳ ಪಹಣಿ ಕಂದಾಯ ಇಲಾಖೆಯ ‘ಭೂಮಿ’ ತಂತ್ರಾಂಶದಲ್ಲಿರುತ್ತದೆ. ಈ ಗಡಿಯನ್ನು ಅರಿಯದೆ ತಮ್ಮ ಮಹಡಿ ಮನೆಯನ್ನು ‘ಭೂಮಿ’ಯಲ್ಲಿ ಹುಡುಕಿ, ಅದು ಸಿಗದಿದ್ದಾಗ ಸರ್ಕಾರವೇ ಮನೆಯನ್ನು ನುಂಗಿತೆಂದು ರಕ್ತದೊತ್ತಡ ಏರಿಸಿಕೊಳ್ಳುವ ಸಜ್ಜನರು ನಗರದಲ್ಲಿ ವಿರಳವಲ್ಲ.

ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವುದು ಪೌತಿ ಖಾತೆ, ಅಂದರೆ ಖಾತೆದಾರರು ತೀರಿಕೊಂಡ ಬಳಿಕ ಜಮೀನನ್ನು ವಾರಸುದಾರರ ಹೆಸರಿಗೆ ದಾಖಲಿಸುವ ಹಕ್ಕು ಬದಲಾವಣೆ. ವರುಣಾ ಹೋಬಳಿಯ ಒಂದು ಗ್ರಾಮದಲ್ಲಿ 2 ಎಕರೆ 20 ಗುಂಟೆ ಬಿಟ್ಟುಹೋದ ತಂದೆಗೆ ಮೂವರು ಮಕ್ಕಳಿದ್ದು, ನಗರದಲ್ಲಿರುವ ಹಿರಿಯ ಮಗಳು ಮರಣ ಪ್ರಮಾಣಪತ್ರವನ್ನೂ ವಂಶವೃಕ್ಷವನ್ನೂ ಸೇರಿಸಿ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಿದ್ದಾರೆಂದು ಊಹಿಸಿಕೊಳ್ಳಬಹುದು. ಅಂದಿನಿಂದ ಅವರ ಬೆಳಗಿನ ಕಾಫಿ ಆರುವುದು landrecords.karnataka.gov.in ಎಂಬ ತಾಣದ ಮುಂದೆಯೇ.

ಈ ತಾಣದ Mutation Status ವಿಭಾಗವು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರುಗಳನ್ನು ಕ್ರಮವಾಗಿ ವಿಚಾರಿಸಿಕೊಂಡು, ಕೊನೆಗೆ ‘ಸರ್ನಾಕ್’ ಎಂಬ ಚೌಕದಲ್ಲಿ ಒಂದು ನಕ್ಷತ್ರ ಚಿಹ್ನೆಯನ್ನು ತೋರಿಸಿದಾಗ ವಿದ್ಯಾವಂತರೂ ಒಂದು ಕ್ಷಣ ಜಾತಕ ನೆನೆಯುವುದುಂಟು. ಆದರೆ ಅದು ಸರ್ವೆ ನಂಬರಿಗೆ ಅಂಟಿಕೊಂಡ ಉಪಚಿಹ್ನೆ ಮಾತ್ರವಾಗಿದ್ದು, ನಿಜವಾದ ಗ್ರಹಚಾರವಿರುವುದು ಅದರ ಮುಂದಿನ ಹಿಸ್ಸಾ ಚೌಕದಲ್ಲಿ. ಹಿಸ್ಸಾ ಎಂದರೆ ಸರ್ವೆ ನಂಬರಿನ ಒಳಭಾಗ. ಜಮೀನು 45/2ಎ ಆಗಿರುವಾಗ 45/2 ಎಂದು ಆರಿಸಿದರೆ ಪರದೆ ಬರಿದಾಗಿ ಉಳಿಯುತ್ತದೆ, ಅಥವಾ ನೆರೆಯವರ ವ್ಯವಹಾರವನ್ನು ಧಾರಾಳವಾಗಿ ತೋರಿಸುತ್ತದೆ. ಆದ್ದರಿಂದ ಹಳೆಯ ಪಹಣಿಯನ್ನೂ ಅರ್ಜಿಯ ಸ್ವೀಕೃತಿ ಚೀಟಿಯನ್ನೂ ಪಕ್ಕದಲ್ಲಿಟ್ಟುಕೊಂಡು ಅಂಕಿಗಳನ್ನು ತಾಳೆ ನೋಡುವುದು, ಕಚೇರಿಯ ಮೇಲೆ ಸಂಶಯಪಡುವ ಮೊದಲು ಮಾಡಬೇಕಾದ ಕೆಲಸ.

ಪರದೆಯಲ್ಲಿ ‘ಬಾಕಿ’ ಎಂದು ಕಂಡ ಮಾತ್ರಕ್ಕೆ ಕಡತ ನಿದ್ರಿಸುತ್ತಿದೆಯೆಂದು ಭಾವಿಸಬೇಕಿಲ್ಲ. ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 129ನೇ ಕಲಮಿನ ಪ್ರಕಾರ ಹಿತಾಸಕ್ತರಿಗೆ ನೋಟಿಸು ಕೊಟ್ಟು ಆಕ್ಷೇಪಣೆಗೆ ಕಾಲಾವಕಾಶ ನೀಡಲೇಬೇಕಾಗಿದ್ದು, ಆ ಗಡುವು ಮುಗಿಯುವ ತನಕ ತಹಶೀಲ್ದಾರರ ಮೇಜನ್ನು ಎಷ್ಟು ಬಡಿದರೂ ಕಾನೂನು ಬೇಗ ಏಳುವುದಿಲ್ಲ. ಮೇಲಾಗಿ ‘ಭೂಮಿ’ ವ್ಯವಸ್ಥೆಯು ಮೊದಲು ಬಂದ ಅರ್ಜಿಯನ್ನು ಮೊದಲು ಇತ್ಯರ್ಥಪಡಿಸುವ ಸರತಿಯ ತತ್ತ್ವವನ್ನು ಅಳವಡಿಸಿಕೊಂಡಿರುವುದರಿಂದ, ದಿನಕ್ಕೆ ಹತ್ತು ಬಾರಿ ಪುಟ ತೆರೆದವರ ಅರ್ಜಿಯೂ ಒಮ್ಮೆಯೂ ತೆರೆಯದವರ ಅರ್ಜಿಯೂ ಒಂದೇ ಸಾಲಿನಲ್ಲಿ ನಿಂತಿರುತ್ತವೆ.

ಗಡುವು ಕಳೆದ ಮೇಲೂ ಅದೇ ಪದ ಉಳಿದಿದ್ದರೆ, ನಜರಬಾದಿನ ಮಿನಿ ವಿಧಾನಸೌಧದಲ್ಲಿರುವ ತಾಲ್ಲೂಕು ಕಚೇರಿಗೆ ಹೋಗುವವರು ಕೇಳಬೇಕಾದದ್ದು “ನಮ್ಮದು ಏನಾಯ್ತು ಸಾರ್?” ಎಂಬ ಅನಾದಿ ಪ್ರಶ್ನೆಯನ್ನಲ್ಲ, ಏಕೆಂದರೆ ಅದಕ್ಕೆ “ಪ್ರೋಸೆಸ್‌ನಲ್ಲಿದೆ ಮೇಡಂ” ಎಂಬ ಅಷ್ಟೇ ಅನಾದಿಯಾದ ಉತ್ತರ ಸಿದ್ಧವಾಗಿರುತ್ತದೆ. ಕಡತ ಗ್ರಾಮ ಆಡಳಿತಾಧಿಕಾರಿಯ ವರದಿಗಾಗಿ ಕಾದಿದೆಯೋ, ರಾಜಸ್ವ ನಿರೀಕ್ಷಕರ ಅನುಮೋದನೆಗಾಗಿಯೋ, ಅಥವಾ ಯಾರಾದರೂ ತಕರಾರು ಸಲ್ಲಿಸಿದ್ದಾರೋ ಎಂದು ಸ್ವೀಕೃತಿ ಸಂಖ್ಯೆ ಬರೆದು ಲಿಖಿತವಾಗಿ ಕೇಳಿ, ಮನವಿಯ ಪ್ರತಿಗೆ ಮುದ್ರೆ ಹಾಕಿಸಿಕೊಳ್ಳಬೇಕು. ವಂಶವೃಕ್ಷದಲ್ಲಿ ಒಬ್ಬರ ಹೆಸರು ತಪ್ಪಿಹೋಗಿದ್ದರೆ ಆಕ್ಷೇಪಣೆ ಬರುವುದು ಸಹಜ. ಆಗ ವಿಷಯ ತಕರಾರು ವಹಿಗೆ ಹೋಗಿ ವಿಚಾರಣೆಯ ಹಾದಿ ಹಿಡಿಯುವುದರಿಂದ, ತಾಣವನ್ನು ನೋಡುವುದಕ್ಕಿಂತ ಬಿಟ್ಟುಹೋದ ತಮ್ಮನಿಗೆ ಫೋನ್ ಮಾಡುವುದೇ ಹತ್ತಿರದ ದಾರಿ.

ತಕರಾರಿಲ್ಲದ ಅರ್ಜಿ ನಿಗದಿತ ಅವಧಿ ಮೀರಿದ್ದರೆ, ಸೇವೆಗೆ ಕಾಲಮಿತಿ ವಿಧಿಸುವ 2011ರ ‘ಸಕಾಲ’ ಕಾಯ್ದೆಯಡಿ ಮೇಲ್ಮನವಿ ಸಲ್ಲಿಸಬಹುದು. ಈ ಕಾಯ್ದೆಯ ಮೂಲ ನಿಯಮದಂತೆ ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವೆಂದು ನಿಗದಿಯಾಗಿದ್ದು, ಇಪ್ಪತ್ತೈದು ದಿನಗಳ ನಂತರದ ವಿಳಂಬ ಸಂಪೂರ್ಣ ಉಚಿತವೆಂದು ಅರ್ಥೈಸಲು ಅವಕಾಶವಿದ್ದರೂ, ಮೇಲ್ಮನವಿಯ ಬೆಲೆ ಈ ಹಣದಲ್ಲಿಲ್ಲ; ಮೇಲಿನ ಅಧಿಕಾರಿಯೊಬ್ಬರು ಕಡತವನ್ನು ಕೇಳಿ ತರಿಸುವುದರಲ್ಲಿದೆ. ಅರ್ಜಿ ತಿರಸ್ಕೃತವಾಗಿದ್ದರೆ ಮಾತ್ರ ಹಾದಿ ಬೇರೆ: ಆದೇಶದ ಪ್ರತಿ ಪಡೆದು, ಅದು ತಿಳಿದ ದಿನದಿಂದ 60 ದಿನಗಳೊಳಗೆ, 136ನೇ ಕಲಮಿನಡಿ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಹಾಕಬೇಕು.

ಅನುಮೋದನೆಯಾಯಿತೆಂದು ಪರದೆ ಹೇಳಿದ ದಿನ ಸಿಹಿ ಹಂಚುವುದಕ್ಕೆ ಮೊದಲು ಹೊಸ ಪಹಣಿಯ 9ನೇ ಕಾಲಮಿನಲ್ಲಿ ಮೂವರ ಹೆಸರೂ ಸರಿಯಾದ ಕಾಗುಣಿತದಲ್ಲಿ ಇವೆಯೇ, ವಿಸ್ತೀರ್ಣ 2 ಎಕರೆ 20 ಗುಂಟೆಯೇ ಎಂದು ಓದಿ ನೋಡುವುದು ಅಗತ್ಯ. ಪೌತಿಯಿಂದ ಸಿಗುವುದು ಜಂಟಿ ಖಾತೆ. ಹಿರಿಯ ಮಗಳ ಪಾಲನ್ನು ಬೇರೆ ಮಾಡಬೇಕಾದರೆ ವಿಭಾಗ ಪತ್ರ, ಅಳತೆಯ ನಕ್ಷೆ ಮತ್ತು ಇನ್ನೊಂದು ಹಕ್ಕು ಬದಲಾವಣೆ ಬೇಕಾಗುತ್ತದೆ.